ಬಟನ್ ಸೆಲ್ ಎಷ್ಟು ವರ್ಷ ಬಂದೀತು?

ಕಾರ್ಕಳದ ಕಡೆ ಚಾಲಿ ಅಡಿಕೆಯನ್ನು ಗೋದಾಮಿನಲ್ಲಿ ಇಟ್ಟವರಿಗೆ ಮಳೆಗಾಲವೆಂದರೆ ಬೂಷ್ಟಿನ ಚಿಂತೆ. ಗೋಣಿಚೀಲಗಳ ನಡುವೆ ಕುಳಿತು, ಗಾಳಿಯ ತೇವಾಂಶವನ್ನು ಅಳೆದು, ರೇಡಿಯೊ ಮೂಲಕ ಮನೆಗೆ ತಿಳಿಸುವ ಪುಟ್ಟ ಸಾಧನವೊಂದನ್ನು ಅಲ್ಲಿ ಇಟ್ಟೆವೆನ್ನೋಣ. ಅದರೊಳಗಿರುವುದು ಒಂದು CR2032 ಬಟನ್ ಸೆಲ್: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಇದರಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ ಇರುತ್ತದೆ. ಇದು ಎಷ್ಟು ವರ್ಷ ಬಂದೀತು?

ಎಚ್ಚರವಿದ್ದಾಗ ನಮ್ಮ ಸಾಧನ 8 ಮಿಲಿಆಂಪಿಯರ್ ಎಳೆಯುತ್ತದೆ. ಸದಾ ಎಚ್ಚರವಿದ್ದರೆ 220ನ್ನು 8ರಿಂದ ಭಾಗಿಸಬೇಕು, ಅಂದರೆ ಇಪ್ಪತ್ತೇಳೂವರೆ ಗಂಟೆ. ಮರುದಿನಕ್ಕೆ ಸೆಲ್ ಖಾಲಿ. ಆದ್ದರಿಂದ ಅದನ್ನು ನಿದ್ದೆಗೆ ಹಾಕುತ್ತೇವೆ. ನಿಮಿಷಕ್ಕೊಮ್ಮೆ ಎದ್ದು, 20 ಮಿಲಿಸೆಕೆಂಡಿನಲ್ಲಿ ಅಳೆದು ಹೇಳಿ, ಮತ್ತೆ ಮಲಗುತ್ತದೆ. ನಿದ್ದೆಯಲ್ಲಿ ಅದು ಎಳೆಯುವುದು 3 ಮೈಕ್ರೋಆಂಪಿಯರ್, ಅಂದರೆ ಎಚ್ಚರದ ಕರೆಂಟಿನ ಎರಡೂವರೆ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ.

ಈಗ ಸರಾಸರಿ ತೆಗೆಯೋಣ. 60 ಸೆಕೆಂಡಿನಲ್ಲಿ 0.02 ಸೆಕೆಂಡ್ ಎಂದರೆ ಮೂರು ಸಾವಿರದಲ್ಲೊಂದು ಪಾಲು. 8 ಮಿಲಿಆಂಪಿಯರ್ ಎಂದರೆ 8000 ಮೈಕ್ರೋಆಂಪಿಯರ್. ಅದನ್ನು ಮೂರು ಸಾವಿರದಿಂದ ಭಾಗಿಸಿದರೆ ಸುಮಾರು 2.7. ಇದಕ್ಕೆ ನಿದ್ದೆಯ 3 ಸೇರಿಸಿದರೆ 5.7 ಮೈಕ್ರೋಆಂಪಿಯರ್. ಸೆಲ್ಲಿನ 2,20,000 ಮೈಕ್ರೋಆಂಪಿಯರ್-ಗಂಟೆಯನ್ನು ಇದರಿಂದ ಭಾಗಿಸಿದರೆ ಸುಮಾರು 38,600 ಗಂಟೆ, ಅಂದರೆ ನಾಲ್ಕು ವರ್ಷ ನಾಲ್ಕೈದು ತಿಂಗಳು.

ನಿಮಿಷಕ್ಕೊಮ್ಮೆ ಯಾಕೆ, ಹತ್ತು ನಿಮಿಷಕ್ಕೊಮ್ಮೆ ಸಾಕಲ್ಲ ಎನ್ನಬಹುದು. ಅಡಿಕೆಯ ಮಟ್ಟಿಗೆ ಖಂಡಿತ ಸಾಕು. ಆದರೆ ಆಯುಷ್ಯ ಹತ್ತು ಪಟ್ಟಾಗುವುದಿಲ್ಲ. ಎಚ್ಚರದ ಪಾಲು 0.27ಕ್ಕೆ ಇಳಿದರೂ ನಿದ್ದೆಯ 3 ಹಾಗೆಯೇ ಉಳಿಯುತ್ತದೆ. ಒಟ್ಟು 3.27; ಲೆಕ್ಕ ಏಳೂವರೆ ವರ್ಷ ದಾಟುತ್ತದೆ, ಎರಡು ಪಟ್ಟಿಗಿಂತಲೂ ಕಡಿಮೆ. ಇನ್ನೂ ಅಪರೂಪಕ್ಕೆ ಎಬ್ಬಿಸಿದರೆ ಸಿಗುವ ಲಾಭ ಅತ್ಯಲ್ಪ. ಇಲ್ಲಿಂದಾಚೆಗೆ ಕೈ ಹಾಕಬೇಕಾದದ್ದು ನಿದ್ದೆಯ ಕರೆಂಟಿಗೇ. ಸರ್ಕಿಟ್ಟಿನಲ್ಲಿ 3 ವೋಲ್ಟಿನಿಂದ ನೆಲದ ತಂತಿಗೆ ಸದಾ ಕರೆಂಟು ಹರಿಸುವ ಒಂದೇ ಒಂದು 10 ಕಿಲೋಓಮ್ ರೆಸಿಸ್ಟರ್ ಉಳಿದುಬಿಟ್ಟರೆ ಅದೊಂದೇ 300 ಮೈಕ್ರೋಆಂಪಿಯರ್ ಕುಡಿಯುತ್ತದೆ. ಆಗ ಸೆಲ್ ಸುಮಾರು ಒಂದು ತಿಂಗಳಿಗೇ ಮುಗಿಯುತ್ತದೆ.

ಹಾಗೆಂದು ಎಚ್ಚರದ ಕರೆಂಟನ್ನು ಕಡೆಗಣಿಸುವಂತಿಲ್ಲ. ಅದು ಕೆಡಿಸುವುದು ಬೇರೆ ದಾರಿಯಿಂದ. ಪ್ರತಿ ಸೆಲ್ಲಿಗೂ ಒಳರೋಧವಿದೆ. ಹೊಸದರಲ್ಲಿ ಅದು 15 ಓಮ್ ಎಂದಿಟ್ಟುಕೊಂಡರೆ 8 ಮಿಲಿಆಂಪಿಯರ್ ಎಳೆದಾಗ ಕುಸಿಯುವುದು 0.12 ವೋಲ್ಟ್ ಮಾತ್ರ. ಹಳೆಯದಾಗುತ್ತಾ ಅದು 100 ಓಮ್ ಮುಟ್ಟಿತೆನ್ನಿ, ಆಗ ಕುಸಿತ 0.8 ವೋಲ್ಟ್. ಸುಮ್ಮನಿದ್ದಾಗ 2.7 ವೋಲ್ಟ್ ತೋರುವ ಸೆಲ್ ರೇಡಿಯೊ ಹೊತ್ತಿದ ಕ್ಷಣ 1.9ಕ್ಕೆ ಇಳಿಯುತ್ತದೆ. ಚಿಪ್ಪಿಗೆ ಕನಿಷ್ಠ 2 ವೋಲ್ಟ್ ಬೇಕಿದ್ದರೆ ಅದು ರೀಸೆಟ್ ಆಗಿ ಮೊದಲಿನಿಂದ ಶುರು ಮಾಡುತ್ತದೆ, ಮತ್ತೆ ಅದೇ ಕಥೆ. ಮಲ್ಟಿಮೀಟರಿನಲ್ಲಿ ಸೆಲ್ ಚೆನ್ನಾಗಿದೆ, ಸಾಧನ ಮಾತ್ರ ಸತ್ತಿದೆ ಎಂಬ ಒಗಟಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಸೆಲ್ಲಿನ ಪಕ್ಕದಲ್ಲಿ ಕೆಪಾಸಿಟರ್ ಇಟ್ಟರೆ ಅನುಕೂಲ. ಆದರೆ ಕೆಲವು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೇ ಹಲವು ಮೈಕ್ರೋಆಂಪಿಯರ್ ಸೋರಿಸುತ್ತವೆ. ನಮ್ಮ ನಿದ್ದೆಯ ಖರ್ಚೇ ಮೂರು ಎಂಬುದನ್ನು ಮರೆಯಬಾರದು.

ಈ 3ನ್ನು ಅಳೆಯುವುದಕ್ಕೂ ಒಂದು ಉಪಾಯ ಬೇಕು. ಮೀಟರಿನ ಮೈಕ್ರೋಆಂಪಿಯರ್ ಮಟ್ಟದಲ್ಲಿ ನೂರಾರು ಓಮ್ ರೋಧ ಅಡಗಿರುತ್ತದೆ. ಸಾಧನ ಎದ್ದ ಕೂಡಲೇ ಆ ರೋಧ ವೋಲ್ಟೇಜನ್ನು ನುಂಗಿ ರೀಸೆಟ್ ಮಾಡಿಸುತ್ತದೆ. ಆದ್ದರಿಂದ ಮೀಟರಿನ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿಟ್ಟು, ಸಾಧನ ಮಲಗಿದ ಮೇಲೆ ತಂತಿ ತೆಗೆದು ಓದಬೇಕು, ಏಳುವ ಮೊದಲು ಮತ್ತೆ ಜೋಡಿಸಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಖರ್ಚು ಲೆಕ್ಕಕ್ಕೆ ಸೇರುತ್ತದೆ. ಬೆಸುಗೆ ಹಾಕುವಾಗ ಉಳಿದ ಫ್ಲಕ್ಸ್ ಮತ್ತು ಉಪ್ಪುಗಾಳಿಯ ಪಸೆ ಆಷಾಢದ ತೇವಕ್ಕೆ ಸಿಕ್ಕಾಗ ಬೋರ್ಡಿನ ಮೇಲ್ಮೈಯೇ ಕರೆಂಟು ಹರಿಸತೊಡಗುತ್ತದೆ. ಸೆಲ್ಲಿನ ಎರಡು ಧ್ರುವಗಳ ನಡುವೆ ಹೀಗೆ 300 ಕಿಲೋಓಮಿನ ದಾರಿ ತೆರೆದುಕೊಂಡರೆ ಸೋರುವುದು 10 ಮೈಕ್ರೋಆಂಪಿಯರ್. ನಿಮಿಷಕ್ಕೊಮ್ಮೆ ಏಳುವ ಸಾಧನದ 5.7 ಈಗ 15.7 ಆಗುತ್ತದೆ, ವರ್ಷವಿಡೀ ಹಾಗೆಯೇ ಇದ್ದರೆ ನಾಲ್ಕು ವರ್ಷದ ಸೆಲ್ ಒಂದೂವರೆ ವರ್ಷಕ್ಕೆ ಮುಗಿಯುತ್ತದೆ. ಪತ್ತೆ ಸುಲಭ: ಸಾಧನ ನಿದ್ದೆಯಲ್ಲಿದ್ದಾಗ ಬೋರ್ಡಿನ ಮೇಲೆ ಬಾಯಿಯಿಂದ ಬಿಸಿಯುಸಿರು ಬಿಟ್ಟು ಮೀಟರ್ ನೋಡಬೇಕು. ಅಂಕಿ ಏರಿ, ಆರುತ್ತಿದ್ದಂತೆ ಇಳಿದರೆ ಸೋರಿಕೆ ಮೇಲ್ಮೈಯದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ, ಬೋರ್ಡಿಗೆ ಬಳಿಯುವ ವಾರ್ನಿಷ್ ಹಚ್ಚಬೇಕು. ಹಚ್ಚುವ ಮೊದಲು ತೇವಾಂಶ ಅಳೆಯುವ ಸೆನ್ಸರಿನ ಕಿಂಡಿಗೂ ಸೆಲ್ ಕೂರುವ ಲೋಹದ ಪಟ್ಟಿಗೂ ಟೇಪ್ ಅಂಟಿಸಿಕೊಳ್ಳಬೇಕು.