ಹೆಂಡತಿ ಹೆಸರಿನ ಠೇವಣಿ, ಗಂಡನ ತಲೆಗೆ ತೆರಿಗೆ: ಕ್ಲಬ್ಬಿಂಗ್ ನಿಯಮ ಬೆಳೆದು ಬಂದ ಬಗೆ

ಗಂಡ ಹೆಂಡತಿಗೆ ಹತ್ತು ಲಕ್ಷ ರೂಪಾಯಿ ಉಡುಗೊರೆ ಕೊಟ್ಟರೆ ಆ ಹಣಕ್ಕೆ ಇಬ್ಬರೂ ತೆರಿಗೆ ಕಟ್ಟಬೇಕಿಲ್ಲ. ತೊಡಕು ಶುರುವಾಗುವುದು ಆ ಹತ್ತು ಲಕ್ಷ ಬಡ್ಡಿ ತರಲು ಆರಂಭಿಸಿದ ಮೇಲೆ. ಠೇವಣಿ ಅವಳ ಹೆಸರಿನಲ್ಲಿದೆ, ಬಡ್ಡಿ ಅವಳ ಖಾತೆಗೆ ಬರುತ್ತದೆ, ಬ್ಯಾಂಕು ತೆರಿಗೆ ಮುರಿದುಕೊಳ್ಳುವುದೂ ಅವಳ ಪ್ಯಾನ್ ಮೇಲೆ. ಕಾನೂನು ಮಾತ್ರ ಆ ಬಡ್ಡಿಯನ್ನು ಗಂಡನ ಆದಾಯಕ್ಕೆ ಸೇರಿಸುತ್ತದೆ. ಇದಕ್ಕೇ ಕ್ಲಬ್ಬಿಂಗ್ ಎನ್ನುವುದು. ಹೆಂಡತಿ ಗಂಡನಿಗೆ ಕೊಟ್ಟರೂ ಇದೇ ನಿಯಮ, ದಿಕ್ಕು ತಿರುಗುಮುರುಗು ಅಷ್ಟೆ.

ಭಾರತದಲ್ಲಿ ತೆರಿಗೆ ಲೆಕ್ಕ ಹಾಕುವುದು ವ್ಯಕ್ತಿಗೆ, ಗಂಡ-ಹೆಂಡತಿಗೆ ಒಟ್ಟಾಗಿ ಅಲ್ಲ. ಆದಾಯ ಏರಿದಂತೆ ದರವೂ ಏರುತ್ತದೆ. ಹಾಗಾಗಿ ಒಬ್ಬರ ಆದಾಯವನ್ನು ಮನೆಯ ಇಬ್ಬರು ಮೂವರ ಹೆಸರಿಗೆ ಹಂಚಿದರೆ ತೆರಿಗೆ ತಾನಾಗಿ ಇಳಿಯುತ್ತದೆ. ಈ ದಾರಿಯನ್ನು ಮುಚ್ಚಲೆಂದು 1937ರಲ್ಲಿ, ಹಿಂದಿನ ವರ್ಷದ ವಿಚಾರಣಾ ವರದಿಯ ಬೆನ್ನಿಗೆ, 1922ರ ಆದಾಯ ತೆರಿಗೆ ಕಾಯ್ದೆಗೆ 16(3)ನೇ ಕಲಮನ್ನು ಸೇರಿಸಲಾಯಿತು. 1961ರ ಕಾಯ್ದೆಯಲ್ಲಿ ಅದೇ 64ನೇ ಕಲಮಾಯಿತು. ಈಗಿನ 2025ರ ಕಾಯ್ದೆಯಲ್ಲೂ ಅದರ ತಿರುಳು ಉಳಿದಿದೆ.

ನಿಯಮಕ್ಕೆ ನಿಜವಾದ ಆಕಾರ ಬಂದದ್ದು 1960ರ ದಶಕದಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ಒಬ್ಬರ ಆದಾಯಕ್ಕೆ ಇನ್ನೊಬ್ಬರ ಮೇಲೆ ತೆರಿಗೆ ಹಾಕುವುದು ಸಂವಿಧಾನಬದ್ಧವೇ ಎಂಬ ಪ್ರಶ್ನೆ 1961ರ ಬಾಲಾಜಿ ಪ್ರಕರಣದಲ್ಲಿ ಎದ್ದಿತು. ತೆರಿಗೆ ತಪ್ಪಿಸುವುದನ್ನು ತಡೆಯಲು ಶಾಸಕಾಂಗಕ್ಕೆ ಆ ಅಧಿಕಾರವಿದೆ ಎಂದು ನ್ಯಾಯಾಲಯ ಹೇಳಿತು. ಅಲ್ಲಿಂದ ಮುಂದೆ ಚರ್ಚೆಯಾದದ್ದು ನಿಯಮದ ಅಂಚು ಎಲ್ಲಿ ಎಂಬುದು.

1963ರ ಕೊಠಾರಿ ಪ್ರಕರಣ ಇಂದಿಗೂ ಓದುವಂಥದ್ದು. ತಂದೆ ಸೊಸೆಗೆ ಹಣ ಕೊಟ್ಟರು, ಮಗ ತಾಯಿಗೆ ಕೊಟ್ಟ. ಬಿಡಿಬಿಡಿಯಾಗಿ ನೋಡಿದರೆ ಯಾರೂ ತಮ್ಮ ಹೆಂಡತಿಗೆ ಏನನ್ನೂ ಕೊಟ್ಟಿಲ್ಲ. ನ್ಯಾಯಾಲಯ ಎರಡನ್ನೂ ಒಂದೇ ವ್ಯವಹಾರದ ಎರಡು ತುದಿಗಳೆಂದು ಕಂಡಿತು. ಸುತ್ತಿಬಳಸಿ ಕೊಟ್ಟದ್ದೂ ಕೊಟ್ಟದ್ದೇ ಎಂದಿತು. 1973ರ ಜೂನ್ 1ರಿಂದಾಚೆಗೆ ಸೊಸೆಗೆ ಕೊಟ್ಟ ಆಸ್ತಿಯ ಆದಾಯವೇ ನೇರವಾಗಿ ಅತ್ತೆ-ಮಾವನ ಲೆಕ್ಕಕ್ಕೆ ಸೇರುವಂತಾದ ಮೇಲೆ ಆ ಕಿಂಡಿಯೂ ಮುಚ್ಚಿತು.

ಅದೇ 1963ರಲ್ಲಿ ಇನ್ನೊಂದು ತೀರ್ಪು ತೆರಿಗೆದಾರನ ಪರ ಬಂತು. ಮದುವೆಗೆ ಕೆಲವೇ ದಿನ ಮೊದಲು ವಧುವಿನ ಹೆಸರಿಗೆ ಬರೆದ ಷೇರುಗಳ ಆದಾಯ ಮುಂದೆ ಗಂಡನಿಗೆ ಸೇರದು ಎಂದು ನ್ಯಾಯಾಲಯ ಹೇಳಿತು. ಆಸ್ತಿ ಕೊಡುವಾಗಲೂ ಆದಾಯ ಹುಟ್ಟುವಾಗಲೂ ಇಬ್ಬರೂ ಗಂಡ-ಹೆಂಡತಿ ಆಗಿರಬೇಕು. ತಾಳಿಗೆ ಮೊದಲು ಕೊಟ್ಟ ಹತ್ತು ಲಕ್ಷಕ್ಕೂ ಮರುದಿನ ಕೊಟ್ಟ ಹತ್ತು ಲಕ್ಷಕ್ಕೂ ಜೀವನಪೂರ್ತಿ ತೆರಿಗೆ ಬೇರೆಯಾಗುವುದು ವಿಚಿತ್ರವೇ. ಆದರೆ ಅಕ್ಷರಶಃ ಓದಿದರೆ ಕಾನೂನು ಹಾಗೇ ಇದೆ. 1968ರಲ್ಲಿ ಇನ್ನೊಂದು ಗೊಂದಲವೂ ತೀರಿತು: ಉಡುಗೊರೆ ಬಂದ ಷೇರನ್ನು ಹೆಂಡತಿ ಮಾರಿ ಗಳಿಸಿದ ಬಂಡವಾಳ ಲಾಭವೂ ಗಂಡನ ಲೆಕ್ಕಕ್ಕೇ.

ಈ ತೀರ್ಪುಗಳ ಸಾಲಿನಿಂದ ಉಳಿದುಬಂದ ಸೂತ್ರ ಒಂದೇ. ಕಾನೂನು ಬೆನ್ನಟ್ಟುವುದು ಕೊಟ್ಟ ಆಸ್ತಿಯಿಂದ ಹುಟ್ಟಿದ ಆದಾಯವನ್ನು. ಆ ಆದಾಯವನ್ನು ಹೆಂಡತಿ ಮತ್ತೆ ಹೂಡಿದಾಗ ಬರುವ ಆದಾಯ ಅವಳದೇ. ಹೇಳುವುದು ಸುಲಭ, ಲೆಕ್ಕ ಇಡುವುದು ಕಷ್ಟ.

ಒಂದು ಉದಾಹರಣೆ ನೋಡೋಣ. 2025ರ ಏಪ್ರಿಲ್ 1ರಂದು ಗಂಡ ಕೊಟ್ಟ 10 ಲಕ್ಷವನ್ನು ಹೆಂಡತಿ ಶೇ 7ರ ಬಡ್ಡಿಗೆ ಎಫ್‌ಡಿ ಇಟ್ಟಳು. ವರ್ಷಕ್ಕೊಮ್ಮೆ ಬಡ್ಡಿ ಕೈಗೆ ಬರುವ ಠೇವಣಿಯಾದರೆ 70,000 ರೂಪಾಯಿ. ಇದು ಪೂರ್ತಿ ಗಂಡನ ಆದಾಯ. ಅವನು ಶೇ 30ರ ಹಂತದಲ್ಲಿದ್ದರೆ ಸೆಸ್ ಸೇರಿ 21,840 ರೂಪಾಯಿ ತೆರಿಗೆ. ಅವಳು ಆ 70,000ವನ್ನು ಬೇರೊಂದು ಎಫ್‌ಡಿಯಲ್ಲಿ ಇಟ್ಟರೆ ಅದರ 4,900 ರೂಪಾಯಿ ಬಡ್ಡಿ ಅವಳದು. ಎರಡೂ ಬೇರೆ ಬೇರೆ ರಸೀದಿಯಲ್ಲಿರುವುದರಿಂದ ಯಾರು ಕೇಳಿದರೂ ತೋರಿಸಬಹುದು.

ಅದೇ ಹಣ ಚಕ್ರಬಡ್ಡಿಯ ಎಫ್‌ಡಿಯಲ್ಲಿದ್ದರೆ ಕಥೆ ಬೇರೆ. ವರ್ಷಕ್ಕೊಮ್ಮೆ ಅಸಲಿಗೆ ಸೇರುವ ಬಡ್ಡಿ ಎಂದುಕೊಂಡರೆ ಎರಡನೇ ವರ್ಷ 74,900, ಮೂರನೇ ವರ್ಷ 80,143. ಬ್ಯಾಂಕಿನ ಬಡ್ಡಿ ಪತ್ರದಲ್ಲಿ ಕಾಣುವುದು ಈ ಒಟ್ಟು ಮೊತ್ತ ಮಾತ್ರ. ಗಂಡನಿಗೆ ಸೇರುವುದು ಪ್ರತಿ ವರ್ಷ 70,000, ಉಳಿದದ್ದು ಅವಳದು ಎಂಬ ವಿಂಗಡಣೆಯನ್ನು ಮನೆಯವರೇ ಮಾಡಿಕೊಳ್ಳಬೇಕು. ಇದರ ನಡುವೆ ಅವಳ ಸಂಬಳದ ಹಣವೂ ಅದೇ ಖಾತೆಗೆ ಬಂದು ಬೆರೆತರೆ ಐದು ವರ್ಷದ ನಂತರ ಯಾವ ರೂಪಾಯಿಯ ಬೇರು ಎಲ್ಲಿ ಎಂದು ಹುಡುಕುವುದು ದುಸ್ತರ. ಅದಕ್ಕೇ ಉಡುಗೊರೆಯ ಹಣಕ್ಕೊಂದು ಪ್ರತ್ಯೇಕ ಖಾತೆ, ಬಡ್ಡಿ ಆಗಾಗ ಕೈಗೆ ಬರುವ ಠೇವಣಿ, ಆ ಬಡ್ಡಿ ಹೋಗಿ ಕೂರಲು ಇನ್ನೊಂದು ಖಾತೆ ಎಂಬ ವ್ಯವಸ್ಥೆ ವಾಸಿ.

ರಿಟರ್ನ್ ಹಾಕುವಾಗ ತಪ್ಪು ಹೆಚ್ಚಾಗಿ ಆಗುವುದು ಟಿಡಿಎಸ್‌ನಲ್ಲಿ. ಬಡ್ಡಿ 50,000 ದಾಟಿದ್ದರಿಂದ ಬ್ಯಾಂಕು ಶೇ 10ರಂತೆ 7,000 ರೂಪಾಯಿ ಮುರಿದುಕೊಂಡು ಹೆಂಡತಿಯ ಪ್ಯಾನ್‌ಗೆ ಜಮಾ ಮಾಡಿರುತ್ತದೆ. ಆಕೆಗೆ ಬೇರೆ ಆದಾಯವಿಲ್ಲದಿದ್ದರೆ, ಬಡ್ಡಿಯನ್ನು ತನ್ನ ರಿಟರ್ನ್‌ನಲ್ಲೇ ತೋರಿಸಿ ಆ 7,000ವನ್ನು ವಾಪಸ್ ಪಡೆಯುವ ಆಸೆ ಸಹಜ. ಗಂಡನ ರಿಟರ್ನ್‌ನಲ್ಲಿ 70,000 ಬಿಟ್ಟುಹೋಗುವುದು ಹೀಗೆ. ಸರಿಯಾದ ಕ್ರಮದಲ್ಲಿ ಗಂಡ ಐಟಿಆರ್-2 ನಮೂನೆಯಲ್ಲಿ ಇಂಥ ಆದಾಯ ತೋರಿಸಲೆಂದೇ ಇರುವ `Schedule SPI`ಯಲ್ಲಿ ಹೆಂಡತಿಯ ಹೆಸರು, ಪ್ಯಾನ್, ಸಂಬಂಧ ಮತ್ತು ಮೊತ್ತ ತುಂಬುತ್ತಾನೆ. ಟಿಡಿಎಸ್ ಪಟ್ಟಿಯಲ್ಲಿ 37ಬಿಎ(2) ನಿಯಮದಡಿ ಬೇರೊಬ್ಬರ ಪ್ಯಾನ್‌ನಲ್ಲಿರುವ ಟಿಡಿಎಸ್ ತೋರಿಸುವ ಅಂಕಣವಿದೆ. 7,000ದ ಲೆಕ್ಕ ಅಲ್ಲಿ ಬರಬೇಕು. ಅದಕ್ಕೂ ಮೊದಲೇ ಹೆಂಡತಿ ಬ್ಯಾಂಕಿಗೆ ಘೋಷಣೆ ಕೊಟ್ಟು ಟಿಡಿಎಸ್ ಗಂಡನ ಪ್ಯಾನ್‌ಗೇ ಹೋಗುವಂತೆ ಮಾಡುವುದು ನಿಯಮ ಬಯಸುವ ದಾರಿ. ಕೌಂಟರಿನಲ್ಲಿ ಈ ಕೋರಿಕೆಯನ್ನು ಅರ್ಥಮಾಡಿಸುವುದೇ ಒಂದು ಕೆಲಸ ಎಂಬುದು ಬೇರೆ ಮಾತು.

1961ರ ಕಾಯ್ದೆಯಡಿ ಟಿಡಿಎಸ್ಸೇ ಬೇಡವೆಂದು ಬ್ಯಾಂಕಿಗೆ 15ಜಿ ನಮೂನೆ ಕೊಡುತ್ತಿದ್ದವರೂ ಇದ್ದರು. ಆ ನಮೂನೆಯ ಘೋಷಣೆಯನ್ನು ಹೆಚ್ಚಿನವರು ಓದುತ್ತಿರಲಿಲ್ಲ. ಈ ಆದಾಯ 60ರಿಂದ 64ನೇ ಕಲಮುಗಳ ಪ್ರಕಾರ ಬೇರೊಬ್ಬರ ಆದಾಯಕ್ಕೆ ಸೇರತಕ್ಕದ್ದಲ್ಲ ಎಂದು ಅಲ್ಲೇ ಬರೆದಿತ್ತು. ಉಡುಗೊರೆಯ ಠೇವಣಿಗೆ ಆ ಸಹಿ ಸುಳ್ಳು ಘೋಷಣೆಯಾಗುತ್ತಿತ್ತು.

ಉಡುಗೊರೆಯ ಬದಲು ಸಾಲವಾಗಿ ಕೊಟ್ಟರೆ? ಪತ್ರ ಮಾಡಿಸಿ, ನ್ಯಾಯವಾದ ಬಡ್ಡಿ ಗೊತ್ತುಮಾಡಿ, ಅದು ನಿಜಕ್ಕೂ ಖಾತೆಯಿಂದ ಖಾತೆಗೆ ಹೋಗುತ್ತಿದ್ದರೆ ಕ್ಲಬ್ಬಿಂಗ್ ಬರುವುದಿಲ್ಲ. ಆ ಬಡ್ಡಿಗೆ ಗಂಡ ತೆರಿಗೆ ಕಟ್ಟಬೇಕಾಗುವುದರಿಂದ ಎಫ್‌ಡಿಗೆ ಇದರಿಂದ ಲಾಭವಿಲ್ಲ. ಅವಳ ಹೂಡಿಕೆ ಸಾಲದ ಬಡ್ಡಿಗಿಂತ ಹೆಚ್ಚು ಗಳಿಸಿದಾಗ ಮಾತ್ರ ಆ ಹೆಚ್ಚುವರಿ ಅವಳ ಪಾಲಿಗೆ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 1992ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ ಅಪ್ರಾಪ್ತ ಮಗುವಿನ ಆದಾಯ, ಹಣ ಕೊಟ್ಟವರು ಅಜ್ಜಿಯಾಗಲಿ ಅತ್ತೆಯಾಗಲಿ, ಹೆಚ್ಚು ಆದಾಯವಿರುವ ಹೆತ್ತವರಿಗೆ ಸೇರುತ್ತದೆ. ಬಡ್ಡಿಯ ಮೇಲಿನ ಬಡ್ಡಿಗೂ ಇಲ್ಲಿ ಬಿಡುಗಡೆಯಿಲ್ಲ. ಮಗು ಸ್ವಂತ ದುಡಿಮೆ ಅಥವಾ ಪ್ರತಿಭೆಯಿಂದ ಗಳಿಸಿದ್ದು ಮತ್ತು ಕಾಯ್ದೆ ಗುರುತಿಸುವ ಅಂಗವೈಕಲ್ಯವಿರುವ ಮಗುವಿನ ಆದಾಯ ಮಾತ್ರ ಹೊರಗೆ. ಬದಲಿಗೆ ಸಿಕ್ಕಿದ್ದು ಮಗುವೊಂದಕ್ಕೆ ವರ್ಷಕ್ಕೆ 1,500 ರೂಪಾಯಿ ವಿನಾಯಿತಿ. ತೆರಿಗೆಯ ಹಂತಗಳು ಅಂದಿನಿಂದ ಎಷ್ಟೋ ಸಲ ಬದಲಾಗಿವೆ, ಈ 1,500 ಮಾತ್ರ ಕದಲಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದೂ ಸಿಗುವುದಿಲ್ಲ.