ಒಂದಕ್ಕಿಂತ ಕಡಿಮೆ ಇದ್ದರೆ ಸಾಕಾಗುವುದಿಲ್ಲ

ಕಾಸರಗೋಡಿನಲ್ಲಿ ಬಿ.ಎಸ್ಸಿ. ಗಣಿತದ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳುತ್ತೇನೆ. ಅವರ ಉತ್ತರದಲ್ಲಿ ಒಂದು ಸಾಲು ಪ್ರತಿ ವರ್ಷ ತಪ್ಪದೆ ಬರುತ್ತದೆ. ಪ್ರಶ್ನೆ 1 + 1/2 + 1/3 + 1/4 + … ಎಂಬ ಶ್ರೇಣಿಯದ್ದು. ಮುಂದಿನ ಪದವನ್ನು ಹಿಂದಿನ ಪದದಿಂದ ಭಾಗಿಸಿ n/(n+1) ಎಂದು ಸರಿಯಾಗಿಯೇ ಬರೆಯುತ್ತಾರೆ. ಆಮೇಲೆ, "ಇದು ಯಾವಾಗಲೂ 1ಕ್ಕಿಂತ ಕಡಿಮೆ, ಆದ್ದರಿಂದ ಕನ್ವರ್ಜ್ ಆಗುತ್ತದೆ." ಅದರ ಸುತ್ತ ಚಂದದ ಒಂದು ಬಾಕ್ಸ್ ಬೇರೆ.

ಭಾಗಾಕಾರ ಸರಿ, 1ಕ್ಕಿಂತ ಕಡಿಮೆ ಎನ್ನುವುದೂ ಸರಿ. ತೀರ್ಮಾನ ಮಾತ್ರ ತಪ್ಪು. ರೇಶಿಯೋ ಟೆಸ್ಟ್ ಕೇಳುವುದು ಒಂದೊಂದು ಅನುಪಾತವನ್ನಲ್ಲ, ಅವುಗಳ ಲಿಮಿಟ್ ಅನ್ನು. ಇಲ್ಲಿ ಲಿಮಿಟ್ 1. ಲಿಮಿಟ್ 1 ಬಂದರೆ ಈ ಟೆಸ್ಟ್ ಏನೂ ಹೇಳುವುದಿಲ್ಲ. ಕನ್ವರ್ಜ್ ಆಗುತ್ತದೆ ಅಂತಲೂ ಇಲ್ಲ, ಆಗುವುದಿಲ್ಲ ಅಂತಲೂ ಇಲ್ಲ.

ಇಷ್ಟು ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ. ಮುಂದಿನ ವಾರ ಮತ್ತೆ ಅದೇ ಬಾಕ್ಸ್! ಟೆಸ್ಟ್ ಯಾಕೆ ಕೆಲಸ ಮಾಡುತ್ತದೆ ಎಂದು ಒಮ್ಮೆ ಕೈಯಾರೆ ಮಾಡಿ ನೋಡದೆ ಇದು ತಲೆಗೆ ಹೋಗುವುದಿಲ್ಲ. ಹಾಗಾಗಿ ಒಂದು ಲೆಕ್ಕ ಪೂರ್ತಿ ಮಾಡೋಣ.

n²/2ⁿ ಪದಗಳ ಶ್ರೇಣಿ ತೆಗೆದುಕೊಳ್ಳಿ. ಮೊದಲ ಪದಗಳು 1/2, 1, 9/8, 1, 25/32. ಮೊದಲ ಅನುಪಾತ 2, ಎರಡನೆಯದು 9/8. ಎರಡೂ 1ಕ್ಕಿಂತ ಜಾಸ್ತಿ. "ಹಾಗಾದರೆ ಡೈವರ್ಜ್" ಎಂದು ಇಲ್ಲೇ ಪೆನ್ನು ಇಡುವವರೂ ಇದ್ದಾರೆ. ಸ್ವಲ್ಪ ತಾಳಿ. ಅನುಪಾತದ ಸೂತ್ರ (1/2)(1+1/n)². n ದೊಡ್ಡದಾದಂತೆ ಇದು 1/2ಕ್ಕೆ ಹೋಗುತ್ತದೆ. ಅಂದರೆ ಲಿಮಿಟ್ 1/2.

ಈಗ 1/2ಕ್ಕೂ 1ಕ್ಕೂ ನಡುವೆ ಜಾಗ ಇದೆ. ಅಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳೋಣ, 3/4. ಅನುಪಾತಗಳು 1/2ರ ಹತ್ತಿರ ಹೋಗುತ್ತಿವೆ, ಆದ್ದರಿಂದ ಎಲ್ಲೋ ಒಂದು ಕಡೆಯಿಂದ ಮುಂದೆ ಅವೆಲ್ಲ 3/4ರ ಕೆಳಗೇ ಇರಬೇಕು. ಎಲ್ಲಿಂದ? n = 4 ಹಾಕಿದರೆ 0.78, ಇನ್ನೂ ಮೇಲಿದೆ. n = 5ಕ್ಕೆ 0.72. ಅಲ್ಲಿಂದ ಮುಂದೆ ಕಡಿಮೆಯಾಗುತ್ತಲೇ ಹೋಗುತ್ತದೆ. ಹಾಗಾಗಿ ಐದನೇ ಪದದ ನಂತರ ಪ್ರತಿ ಪದವೂ ಹಿಂದಿನದರ ಮುಕ್ಕಾಲು ಪಾಲಿಗಿಂತ ಕಡಿಮೆ. ಐದನೇ ಪದದಿಂದ ಶುರುವಾಗುವ ಬಾಲವನ್ನು 3/4 ಅನುಪಾತದ ಗುಣೋತ್ತರ ಶ್ರೇಣಿಯ ಕೆಳಗೆ ಕೂರಿಸಬಹುದು. ಆ ಗುಣೋತ್ತರ ಶ್ರೇಣಿಯ ಮೊತ್ತ 25/32ರ ನಾಲ್ಕು ಪಟ್ಟು, ಅಂದರೆ 3.125. ಮೊದಲ ನಾಲ್ಕು ಪದಗಳ ಮೊತ್ತ 3.625. ಒಟ್ಟು ಎಷ್ಟೇ ಕೂಡಿದರೂ 6.75 ದಾಟುವುದಿಲ್ಲ. ನಿಜವಾದ ಮೊತ್ತ ಸರಿಯಾಗಿ 6.

ರೇಶಿಯೋ ಟೆಸ್ಟ್ ಅಂದರೆ ಇಷ್ಟೇ, ಗುಣೋತ್ತರ ಶ್ರೇಣಿಯ ಜೊತೆ ಹೋಲಿಕೆ. ಶುರುವಿನ ಪದಗಳು ಎಷ್ಟು ಕುಣಿದರೂ ತೊಂದರೆ ಇಲ್ಲ. ಲಿಮಿಟ್‌ಗೂ 1ಕ್ಕೂ ನಡುವೆ ಆ 3/4 ಇಡುವಷ್ಟು ಜಾಗ ಇರಬೇಕು, ಅದು ಮುಖ್ಯ.

ಈಗ n/(n+1) ಅನ್ನು ನೋಡಿ. 1/2, 2/3, 3/4 ಎಂದು ಮೇಲೇರುತ್ತಾ ಹೋಗುತ್ತದೆ. 3/4 ಇಟ್ಟರೆ ನಾಲ್ಕನೇ ಅನುಪಾತವೇ ಅದನ್ನು ದಾಟುತ್ತದೆ. 0.99 ಇಟ್ಟರೆ ನೂರನೆಯದು ದಾಟುತ್ತದೆ. 0.999 ಇಟ್ಟರೆ ಸಾವಿರದಾಚೆಗೆ ಅಷ್ಟೇ ಗತಿ. ಪ್ರತಿಯೊಂದೂ 1ಕ್ಕಿಂತ ಕಡಿಮೆ ಹೌದು, ಆದರೆ ಎಲ್ಲವನ್ನೂ ಕೆಳಗೆ ಹಿಡಿದಿಡುವ, 1ಕ್ಕಿಂತ ಚಿಕ್ಕದಾದ ಒಂದು ಸಂಖ್ಯೆ ಇಲ್ಲ. ಹೋಲಿಸಲು ಗುಣೋತ್ತರ ಶ್ರೇಣಿಯೇ ಸಿಗಲಿಲ್ಲ, ಇನ್ನು ಟೆಸ್ಟ್ ಏನು ಹೇಳೀತು?

ಪೆರ್ಲ ಕಡೆಯ ಒಬ್ಬಳು ಹುಡುಗಿ ಇದನ್ನು ಒಪ್ಪಲೇ ಇಲ್ಲ. "ಸರ್, ತೋಟದಲ್ಲಿ ಅಡಿಕೆ ವರ್ಷ ವರ್ಷ ಕಡಿಮೆ ಆಗ್ತಾ ಬಂದ್ರೆ ಒಟ್ಟು ಎಲ್ಲಾದ್ರೂ ನಿಲ್ಲಲೇಬೇಕಲ್ವಾ?" ಎಂದಳು. ಒಳ್ಳೆಯ ಪ್ರಶ್ನೆ. ಅವಳ ತೋಟದಲ್ಲೇ ಲೆಕ್ಕ ಹಾಕಿದೆವು. ಮೊದಲ ವರ್ಷ ಒಂದು ಕ್ವಿಂಟಾಲ್, ಮರುವರ್ಷ ಅರ್ಧ, ಆಮೇಲೆ ಮೂರನೇ ಒಂದು, ನಾಲ್ಕನೇ ಒಂದು. ಮೂರನೇ ಮತ್ತು ನಾಲ್ಕನೇ ವರ್ಷದ್ದು ಸೇರಿ ಅರ್ಧ ಕ್ವಿಂಟಾಲ್‌ಗಿಂತ ಜಾಸ್ತಿ. ಐದರಿಂದ ಎಂಟನೇ ವರ್ಷದವರೆಗಿನ ನಾಲ್ಕು ಬೆಳೆಯಲ್ಲಿ ಪ್ರತಿಯೊಂದೂ ಎಂಟನೇ ಒಂದಕ್ಕಿಂತ ಕಡಿಮೆ ಇಲ್ಲ, ಸೇರಿಸಿದರೆ ಮತ್ತೆ ಅರ್ಧಕ್ಕಿಂತ ಜಾಸ್ತಿ. ಒಂಬತ್ತರಿಂದ ಹದಿನಾರು, ಮತ್ತೆ ಅರ್ಧ. ಇದಕ್ಕೆ ಕೊನೆಯೇ ಇಲ್ಲ. 14ನೇ ಶತಮಾನದಲ್ಲೇ ಫ್ರಾನ್ಸಿನ ಒರೆಮ್ ಕೊಟ್ಟ ವಾದ ಇದು. ಆದರೆ ನಿಧಾನ ನೋಡಿ, ಒಟ್ಟು 10 ಕ್ವಿಂಟಾಲ್ ದಾಟಲು 12,367 ವರ್ಷ ಬೇಕು. 20 ದಾಟಲು 27 ಕೋಟಿಗೂ ಮೇಲೆ. ಮೊಬೈಲ್‌ನಲ್ಲಿ ಸಾವಿರ ಪದ ಕೂಡಿ 7.49 ನೋಡಿ "ನಿಂತಿತು ಸರ್" ಎನ್ನುವವರಿಗೆ ಅದಕ್ಕೇ ನಾನು ಬೈಯುವುದಿಲ್ಲ. ನೋಡಲು ನಿಂತ ಹಾಗೆಯೇ ಇರುತ್ತದೆ. ಅದೇ ತೋಟದಲ್ಲಿ ಪ್ರತಿ ವರ್ಷ ಹಿಂದಿನ ವರ್ಷದ ಮುಕ್ಕಾಲು ಪಾಲು ಮಾತ್ರ ಬಂದಿದ್ದರೆ ಎಂದೆಂದಿಗೂ ಒಟ್ಟು 4 ಕ್ವಿಂಟಾಲ್ ದಾಟುತ್ತಿರಲಿಲ್ಲ.

ಇದನ್ನು ಕಲಿತವರು ಕೆಲವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. "ಲಿಮಿಟ್ 1 ಬಂತು, ಹಾಗಾದರೆ ಡೈವರ್ಜ್." ಅದೂ ಅಲ್ಲ. 1/n² ಪದಗಳ ಶ್ರೇಣಿಯಲ್ಲೂ ಅನುಪಾತದ ಲಿಮಿಟ್ 1. ಅದು ಕನ್ವರ್ಜ್ ಆಗುತ್ತದೆ, ಮೊತ್ತ π²/6, ಸುಮಾರು 1.645. n ಮತ್ತು n²ನಂಥ ಘಾತಗಳು ಮಾತ್ರ ಇರುವ ಭಿನ್ನರಾಶಿ ಕಂಡರೆ ರೇಶಿಯೋ ಟೆಸ್ಟ್ ತೆಗೆಯಲೇ ಬೇಡಿ. ಪ್ರತಿ ಸಲ ಲಿಮಿಟ್ 1 ಬರುತ್ತದೆ, ಸುಮ್ನೆ ಕಾಗದ ದಂಡ. ಫ್ಯಾಕ್ಟೋರಿಯಲ್ ಅಥವಾ 2ⁿ ಥರದ್ದು ಇದ್ದರೆ ಮಾತ್ರ ಮೊದಲು ಇದನ್ನು ನೋಡಿ. ಅನುಪಾತಗಳಿಗೆ ಲಿಮಿಟ್ಟೇ ಇಲ್ಲದ ಶ್ರೇಣಿಗಳೂ ಇವೆ. ಅಲ್ಲಿ ಲಿಮ್‌ಸೂಪ್ ಬೇಕಾಗುತ್ತದೆ, ಇಲ್ಲಿ ಆ ಕಡೆ ಹೋಗುವುದಿಲ್ಲ.

ಇಲ್ಲಿಯವರೆಗೆ ಪದಗಳೆಲ್ಲ ಧನ ಎಂದುಕೊಂಡೆವು. ಋಣ ಪದ ಇದ್ದರೆ ಚಿಹ್ನೆ ಬಿಟ್ಟು ಅನುಪಾತ ತೆಗೆಯಬೇಕು. ನಮ್ಮ ಕೇರಳದವನೇ ಆದ ಸಂಗಮಗ್ರಾಮದ ಮಾಧವನ ಹೆಸರಿನಲ್ಲಿರುವ 1 − 1/3 + 1/5 − 1/7 + … ಶ್ರೇಣಿಯನ್ನೇ ನೋಡಿ. ಅನುಪಾತ (2n−1)/(2n+1), ಲಿಮಿಟ್ ಮತ್ತೆ 1. ಟೆಸ್ಟ್ ಮೌನ. ಆದರೂ ಶ್ರೇಣಿ π/4ಕ್ಕೆ ಹೋಗುತ್ತದೆ, ಯಾಕೆಂದರೆ ಕೂಡುವುದು ಕಳೆಯುವುದು ಒಂದಾದ ಮೇಲೊಂದು ಬರುತ್ತದೆ ಮತ್ತು ಪದಗಳು ಕುಗ್ಗುತ್ತಾ ಸೊನ್ನೆಗೆ ಹೋಗುತ್ತವೆ. ಕಳೆಯುವ ಚಿಹ್ನೆಗಳನ್ನೆಲ್ಲ ಕೂಡುವುದು ಮಾಡಿಬಿಟ್ಟರೆ ಅನುಪಾತ ಅದೇ ಇರುತ್ತದೆ, ಮೊತ್ತಕ್ಕೆ ಮಾತ್ರ ಮಿತಿ ಇರುವುದಿಲ್ಲ.

ಪರೀಕ್ಷೆಯಲ್ಲಿ ಲಿಮಿಟ್ 1 ಬಂದರೆ "ಟೆಸ್ಟ್ ಫೇಲ್" ಎಂದು ಬರೆದು ಬೇರೆ ದಾರಿ ಹಿಡಿಯಿರಿ, 1/nʳ ಪದಗಳ ಶ್ರೇಣಿಯೊಂದರ ಜೊತೆ ಹೋಲಿಕೆ ಸಾಮಾನ್ಯವಾಗಿ ಸಾಕು. ರಾಬೆ ಟೆಸ್ಟ್ ಕಲಿತಿದ್ದರೆ n ಅನ್ನು (aₙ/aₙ₊₁ − 1)ರಿಂದ ಗುಣಿಸಿ ಲಿಮಿಟ್ ನೋಡಿ. 1/n²ಗೆ 2 ಬರುತ್ತದೆ, 1ಕ್ಕಿಂತ ಜಾಸ್ತಿ, ಹಾಗಾಗಿ ಕನ್ವರ್ಜ್. 1/nಗೆ ಹಾಕಿದರೆ ಅಲ್ಲೂ ಸರಿಯಾಗಿ 1 ಬರುತ್ತದೆ, ಆ ಲಿಮಿಟ್‌ನಿಂದಲೂ ಏನೂ ತಿಳಿಯುವುದಿಲ್ಲ. ಅದಕ್ಕೆ ಒರೆಮ್‌ನ ಅರ್ಧ ಅರ್ಧದ ಗುಂಪುಗಳನ್ನೇ ಬರೆಯಿರಿ, ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.