ತೊಗಟೆ ಕೆರೆದರೆ ಗೊತ್ತಾಗುವುದು

2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ಗೆ ಬಡಿದ ಶೀತಗಾಳಿಗೆ ಡಲ್ಲಾಸ್‌ನಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ದಕ್ಷಿಣದ ಹೂಸ್ಟನ್ನಿನಲ್ಲೂ ಸುಮಾರು ಮೈನಸ್ 10. ಚಳಿ ತಗ್ಗಿದ ಮೇಲೆ ನೋಡಿದರೆ ಹಿತ್ತಲಿನ ನಿಂಬೆ, ಕಿತ್ತಳೆ, ದಾಸವಾಳಗಳೆಲ್ಲ ಕಂದಿ ನಿಂತಿದ್ದವು. ಯಾವುದು ಸತ್ತಿದೆ, ಯಾವುದು ಬರೀ ಎಲೆ ಕಳೆದುಕೊಂಡಿದೆ?

ತಿಳಿಯಲು ಉಗುರೋ ಚಿಕ್ಕ ಚಾಕುವೋ ಸಾಕು. ಎಳೆಯ ಕಡ್ಡಿಯ ಹೊರತೊಗಟೆಯನ್ನು ಅರ್ಧ ಸೆಂಟಿಮೀಟರಿನಷ್ಟು, ಕಾಗದದಷ್ಟು ತೆಳುವಾಗಿ ಹೆರೆಯಬೇಕು. ಅಡಿಯಲ್ಲಿ ಹಸಿಯಾದ ಹಸಿರು ಕಂಡರೆ ಅಲ್ಲಿ ಜೀವವಿದೆ. ಒಣಗಿದ ಕಂದು ಕಂಡರೆ ಇಲ್ಲ. ಈ ಹಸಿರು ತೊಗಟೆಯ ಒಳಪದರದ ಪತ್ರಹರಿತ್ತಿನದು. ಹೊಸ ಕಟ್ಟಿಗೆಯನ್ನೂ ತೊಗಟೆಯನ್ನೂ ಬೆಳೆಸುವ ಕ್ಯಾಂಬಿಯಂ ಅದಕ್ಕೂ ಒಳಗಿದೆ, ಅದಕ್ಕೆ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಹಾಗಾಗಿ ದಪ್ಪ ಕಾಂಡದಲ್ಲಿ ಹಸಿರು ಸಿಗದಿದ್ದರೆ ಗಾಬರಿ ಬೇಡ. ತುಸು ಆಳದಲ್ಲಿ ಕೆನೆಬಣ್ಣದ ತೇವವಿದ್ದರೂ ಸಾಕು.

ಎಡವುವುದು ಹೆಚ್ಚಾಗಿ ಆತುರದಿಂದ. ಹಿಮಗಟ್ಟಿ ಒಡೆದ ಜೀವಕೋಶಗಳು ಮರುದಿನವೂ ಹಸಿರಾಗಿಯೇ ಕಾಣಬಹುದು. ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ, ಗಾಳಿ ಸೋಕಿ ಒಳಗಿನ ರಾಸಾಯನಿಕಗಳು ಬದಲಾದ ಮೇಲೆಯೇ ಅವು ಕಂದಾಗುವುದು. ಚಳಿಗಾಲದಲ್ಲಿ ಇದಕ್ಕೆ ಕೆಲವು ದಿನಗಳಿಂದ ವಾರಗಳವರೆಗೂ ಹಿಡಿಯುತ್ತದೆ. ಬೇರು ಸತ್ತ ಗಿಡದ ಕಾಂಡವೂ ಕೆಲಕಾಲ ಹಸಿರಾಗಿರುತ್ತದೆ. ಅಂದರೆ ಕೆರೆದ ಜಾಗದ ಈ ಹೊತ್ತಿನ ಸ್ಥಿತಿಯಷ್ಟೇ ನಮಗೆ ಗೊತ್ತಾಗುವುದು.

ಆದ್ದರಿಂದ ಒಂದೇ ಕಡೆ ಕೆರೆದು ತೀರ್ಮಾನಿಸುವಂತಿಲ್ಲ. ಹೂಸ್ಟನ್ನಿನ ಹಿತ್ತಲಿನಲ್ಲಿ ಆಳೆತ್ತರದ ಕಿತ್ತಳೆ ಗಿಡವೊಂದಿದೆ ಎನ್ನೋಣ. ಕೆರೆಯುವ ಮೊದಲೇ ಎಲೆಗಳು ಸುಳಿವು ಕೊಡುತ್ತವೆ. ಎಲೆ ಉದುರಿಸುವುದಕ್ಕೂ ರೆಂಬೆಯಲ್ಲಿ ಜೀವ ಬೇಕು. ಹಾಗಾಗಿ ಬೋಳಾದ ರೆಂಬೆಗಿಂತ ಒಣಗಿದ ಎಲೆ ಕಚ್ಚಿಕೊಂಡೇ ಇರುವ ರೆಂಬೆಯ ಮೇಲೆ ನನಗೆ ಅನುಮಾನ ಹೆಚ್ಚು. ತುದಿಯಿಂದ ಶುರುಮಾಡಿ ಗೇಣಿಗೊಂದು ಕಡೆ ಕೆರೆಯುತ್ತ ಕೆಳಗಿಳಿಯಬೇಕು. ತುದಿ ಕಂದು, ಒಂದು ಗೇಣು ಕೆಳಗೂ ಕಂದು, ರೆಂಬೆ ಹೆಬ್ಬೆರಳಿನಷ್ಟು ದಪ್ಪವಾಗುವಲ್ಲಿ ಒಂದು ಮಗ್ಗುಲು ಮಾತ್ರ ಹಸಿರು, ಇನ್ನೂ ಕೆಳಗೆ ಸುತ್ತಲೂ ಹಸಿರು. ಸುತ್ತ ಎರಡು ಮೂರು ಕಡೆ ಚುಕ್ಕೆಯಷ್ಟೇ ಕೆರೆದರೆ ಸಾಕು. ಉಂಗುರದಂತೆ ಹೆರೆದರೆ ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿಯನ್ನೇ ಕಡಿದಂತಾಗುತ್ತದೆ.

ಗಡಿ ಸಿಕ್ಕಿತೆಂದು ಕೂಡಲೇ ಕತ್ತರಿ ಹಾಕಬಾರದು. ಇಂದು ಹಸಿರಾಗಿರುವ ಜಾಗ ಮುಂದಿನ ವಾರಗಳಲ್ಲಿ ಒಣಗಬಹುದು, ಬೋಳು ರೆಂಬೆಯಲ್ಲಿ ಮೊಗ್ಗು ಒಡೆಯಬಹುದು. ವಸಂತದ ಚಿಗುರು ಬಲಿತ ಮೇಲೆ ಬದುಕಿದ ಭಾಗದವರೆಗೆ ಕಡಿಯುವುದೇ ಸರಿ.

ಕಸಿ ಗಿಡದಲ್ಲಿ ಇನ್ನೊಂದು ಪರೀಕ್ಷೆ ಬಾಕಿ ಇರುತ್ತದೆ: ಕಸಿಯ ಗಂಟಿನ ಮೇಲೂ ಕೆಳಗೂ ಕೆರೆದು ನೋಡುವುದು. ಕೆಳಗೆ ಮಾತ್ರ ಹಸಿರಿದ್ದರೆ ಬೇರು ಕೊಟ್ಟ ಗಿಡ ಬದುಕಿದೆ, ಅದರ ಮೇಲೆ ಕಸಿ ಕಟ್ಟಿದ ನಮ್ಮ ಕಿತ್ತಳೆ ಹೋಗಿದೆ. ಹೂಸ್ಟನ್ ಕಡೆ ಹಲವೆಡೆ ಬೇರುಗಿಡವಾಗಿ ಬಳಸುವುದು ಮೂರೆಲೆಯ ಕಿತ್ತಳೆಯನ್ನು. ಬುಡದಲ್ಲಿ ಮೂರು ಮೂರು ಎಲೆಗಳ ಮುಳ್ಳು ಚಿಗುರು ಬಂದರೆ ಅದು ಬೇರುಗಿಡದ್ದು. ಅದರ ಹಣ್ಣು ಕಹಿ.